ಎನ್‌ಆರ್‌ಇ ಠೇವಣಿಯೋ, ಎಫ್‌ಸಿಎನ್‌ಆರ್ ಠೇವಣಿಯೋ: ಗಲ್ಫ್ ದುಡಿಮೆಯ ಹಣಕ್ಕೆ ಒಂದು ಲೆಕ್ಕ

ದುಬೈಯಲ್ಲೋ ದೋಹಾದಲ್ಲೋ ದುಡಿದು ಊರಲ್ಲಿ ಹಣ ಹೂಡಬೇಕು ಎನ್ನುವವರು ಬ್ಯಾಂಕಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಬಡ್ಡಿ ದರದ ಪಟ್ಟಿ. ಎನ್‌ಆರ್‌ಇ ಠೇವಣಿಗೆ ಆರೂವರೆ ಎಂದಿದ್ದರೆ ಡಾಲರ್‌ನ ಎಫ್‌ಸಿಎನ್‌ಆರ್ ಠೇವಣಿಗೆ ನಾಲ್ಕು ಎಂದಿರುತ್ತದೆ. ಹೆಚ್ಚಿನವರ ತೀರ್ಮಾನ ಅಲ್ಲೇ ಮುಗಿದುಹೋಗುತ್ತದೆ. ಆದರೆ ಈ ಎರಡು ಅಂಕಿಗಳನ್ನು ನೇರವಾಗಿ ಪಕ್ಕಪಕ್ಕ ಇಟ್ಟು ನೋಡುವಂತಿಲ್ಲ. ಒಂದು ರೂಪಾಯಿಯ ಮೇಲೆ ಬರುವ ಬಡ್ಡಿ, ಇನ್ನೊಂದು ಡಾಲರ್ ಮೇಲೆ ಬರುವ ಬಡ್ಡಿ. ನಡುವೆ ವಿನಿಮಯ ದರ ಇದೆ. ಈ ಟಿಪ್ಪಣಿಯಲ್ಲಿ ಆ ನಡುವಿನ ಲೆಕ್ಕವನ್ನೇ ಬಿಡಿಸಿ ನೋಡೋಣ.

ಎರಡರ ನಡುವಿನ ನಿಜವಾದ ವ್ಯತ್ಯಾಸ

ಎನ್‌ಆರ್‌ಇ ಖಾತೆ ರೂಪಾಯಿ ಖಾತೆ. ಹೊರಗಿನಿಂದ ಬಂದ ಹಣ ಬಂದ ದಿನವೇ ರೂಪಾಯಿಯಾಗುತ್ತದೆ. ಅದು ಉಳಿತಾಯ ಖಾತೆಯೂ ಆಗಬಹುದು, ಅವಧಿ ಠೇವಣಿಯೂ ಆಗಬಹುದು. ಎಫ್‌ಸಿಎನ್‌ಆರ್ ಎಂಬುದು ಅವಧಿ ಠೇವಣಿ ಮಾತ್ರ. ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ. ಹಾಕಿದ್ದು ಡಾಲರ್, ಬಡ್ಡಿ ಡಾಲರ್, ಕೊನೆಗೆ ಕೈಗೆ ಬರುವುದೂ ಡಾಲರ್. ನಡುವೆ ರೂಪಾಯಿ ಎಷ್ಟೇ ಕುಸಿದರೂ ಏರಿದರೂ ನಿಮ್ಮ ಡಾಲರ್ ಮೊತ್ತ ಅಲುಗುವುದಿಲ್ಲ.

ಅಸಲು, ಬಡ್ಡಿ ಎರಡನ್ನೂ ಎರಡೂ ಕಡೆಯಿಂದ ಮಿತಿಯಿಲ್ಲದೆ ಹೊರದೇಶಕ್ಕೆ ವಾಪಸ್ ಕೊಂಡೊಯ್ಯಬಹುದು. ಅನಿವಾಸಿಯಾಗಿರುವಷ್ಟು ಕಾಲ ಎರಡರ ಬಡ್ಡಿಗೂ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ಒಂದು ವರ್ಷ ತುಂಬುವ ಮೊದಲು ಮುರಿದರೆ ಎರಡರಲ್ಲೂ ಒಂದು ಪೈಸೆ ಬಡ್ಡಿ ಸಿಗುವುದಿಲ್ಲ. ಊರಿನ ಮನೆ ಬಾಡಿಗೆ, ತೋಟದ ಆದಾಯ ಹೋಗಬೇಕಾದ ಎನ್‌ಆರ್‌ಒ ಖಾತೆ ಬೇರೆಯೇ ವಿಷಯ. ಅದರ ಬಡ್ಡಿಗೆ ತೆರಿಗೆ ಇದೆ, ಈ ಹೋಲಿಕೆಗೆ ಅದು ಬರುವುದಿಲ್ಲ.

ಹಾಗಾದರೆ ಉಳಿಯುವ ವ್ಯತ್ಯಾಸ ಒಂದೇ: ರೂಪಾಯಿ ಬಿದ್ದರೆ ಪೆಟ್ಟು ಯಾರಿಗೆ? ಎನ್‌ಆರ್‌ಇಯಲ್ಲಿ ನಿಮಗೆ. ಎಫ್‌ಸಿಎನ್‌ಆರ್‌ನಲ್ಲಿ ಬ್ಯಾಂಕಿಗೆ. ಆ ಅಪಾಯವನ್ನು ಹೊತ್ತುಕೊಂಡಿದ್ದಕ್ಕೆ ಸಿಗುವ ಕೂಲಿಯೇ ಎನ್‌ಆರ್‌ಇಯ ಹೆಚ್ಚುವರಿ ಬಡ್ಡಿ.

ಸಮ ದರ ಕಂಡುಹಿಡಿಯುವುದು

ದುಬೈಯಲ್ಲಿರುವ ಒಬ್ಬರ ಬಳಿ 73,450 ದಿರ್ಹಮ್ ಇದೆ ಎಂದುಕೊಳ್ಳಿ. ದಿರ್ಹಮ್ ಅನ್ನು 1997ರಿಂದ ಡಾಲರ್‌ಗೆ 3.6725ರ ಲೆಕ್ಕದಲ್ಲಿ ಕಟ್ಟಿಹಾಕಿದ್ದಾರೆ. ಹಾಗಾಗಿ ಇದು 20,000 ಡಾಲರ್. ಡಾಲರ್‌ಗೆ 85 ರೂಪಾಯಿ, ಮೂರು ವರ್ಷದ ಎನ್‌ಆರ್‌ಇ ಬಡ್ಡಿ ಶೇ 6.5, ಡಾಲರ್ ಎಫ್‌ಸಿಎನ್‌ಆರ್ ಬಡ್ಡಿ ಶೇ 4 ಎಂದು ಇಟ್ಟುಕೊಳ್ಳೋಣ. ಇವು ಲೆಕ್ಕಕ್ಕೆಂದು ಇಟ್ಟ ಅಂಕಿಗಳು. ನಿಮ್ಮ ಬ್ಯಾಂಕಿನ ಆ ದಿನದ ದರ ಹಾಕಿ ಇದನ್ನೇ ಮಾಡಿ.

ಎನ್‌ಆರ್‌ಇ ದಾರಿ: 20,000 × 85 = 17,00,000 ರೂಪಾಯಿ. ಬಡ್ಡಿ ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ಮೂರು ವರ್ಷದ ಕೊನೆಗೆ ಸುಮಾರು 20,62,800 ರೂಪಾಯಿ.

ಎಫ್‌ಸಿಎನ್‌ಆರ್ ದಾರಿ: ಇಲ್ಲಿ ವರ್ಷಕ್ಕೆ 360 ದಿನ ಎಂದು ಹಿಡಿದು, 180 ದಿನಕ್ಕೊಮ್ಮೆ ಬಡ್ಡಿ ಸೇರಿಸಿ, ಉಳಿದ ದಿನಗಳಿಗೆ ಬಿಡಿಯಾಗಿ ಲೆಕ್ಕ ಹಾಕುತ್ತಾರೆ. ಮೂರು ವರ್ಷ ಎಂದರೆ 1,095 ದಿನ. ಆರು ಕಂತು 180 ದಿನ, ಮೇಲೆ 15 ದಿನ. ಕೊನೆಗೆ ಸುಮಾರು 22,561 ಡಾಲರ್.

ಈಗ ರೂಪಾಯಿ ಮೊತ್ತವನ್ನು ಡಾಲರ್ ಮೊತ್ತದಿಂದ ಭಾಗಿಸಿ:

```
2062800 / 22561 = 91.43
```

ಇದೇ ಸಮ ದರ. ಮೂರು ವರ್ಷದ ನಂತರ ಬ್ಯಾಂಕು ನಿಮ್ಮ ಡಾಲರ್‌ಗೆ 91.43 ರೂಪಾಯಿ ಕೊಟ್ಟರೆ ಎರಡೂ ದಾರಿ ಒಂದೇ. ಅದಕ್ಕಿಂತ ಹೆಚ್ಚು ಕೊಟ್ಟರೆ ಎಫ್‌ಸಿಎನ್‌ಆರ್ ಗೆದ್ದಿತು, ಕಡಿಮೆ ಕೊಟ್ಟರೆ ಎನ್‌ಆರ್‌ಇ. 85ರಿಂದ 91.43ಕ್ಕೆ ಹೋಗುವುದೆಂದರೆ ಡಾಲರ್ ವರ್ಷಕ್ಕೆ ಸರಾಸರಿ ಶೇ 2.5ರಷ್ಟು ತುಟ್ಟಿಯಾಗುವುದು.

ಎರಡು ತುದಿಗಳನ್ನೂ ನೋಡಿಬಿಡಿ. ದರ 85ರಲ್ಲೇ ನಿಂತರೆ 22,561 ಡಾಲರ್‌ಗೆ ಸಿಗುವುದು 19.18 ಲಕ್ಷ, ಎನ್‌ಆರ್‌ಇಗಿಂತ ಸುಮಾರು 1.45 ಲಕ್ಷ ಕಡಿಮೆ. ದರ 96 ಆದರೆ 21.66 ಲಕ್ಷ, ಸುಮಾರು 1 ಲಕ್ಷ ಹೆಚ್ಚು. ಇಲ್ಲಿ ಬ್ಯಾಂಕು ಕೊಡುವ ದರ ಎಂದರೆ ಫಲಕದ ಮೇಲಿನ ಟಿಟಿ ಬೈಯಿಂಗ್ ದರ, ಅಂದರೆ ಬ್ಯಾಂಕು ನಿಮ್ಮಿಂದ ಡಾಲರ್ ಕೊಳ್ಳುವ ದರ. ಟಿವಿಯಲ್ಲಿ ಕಾಣುವ ದರಕ್ಕಿಂತ ಅದು ಕಡಿಮೆ ಇರುತ್ತದೆ. ಆ ಅಂತರವನ್ನು ಸಮ ದರಕ್ಕೆ ಸೇರಿಸಿಕೊಂಡೇ ಯೋಚಿಸಬೇಕು.

ರೂಪಾಯಿ ಹೇಗೂ ಬೀಳುತ್ತಲೇ ಇರುತ್ತದೆ, ಆದ್ದರಿಂದ ಎಫ್‌ಸಿಎನ್‌ಆರ್ ಯಾವಾಗಲೂ ಲಾಭ ಎನ್ನುವ ಮಾತು ಕೇಳಿರುತ್ತೀರಿ. 2014ರ ಕೊನೆಗೆ ಡಾಲರ್‌ಗೆ 63 ರೂಪಾಯಿ ಚಿಲ್ಲರೆ ಇದ್ದದ್ದು 2024ರ ಕೊನೆಗೆ 85 ದಾಟಿತ್ತು. ಸರಾಸರಿ ವರ್ಷಕ್ಕೆ ಶೇ 3ರಷ್ಟು. ಆದರೆ ಸರಾಸರಿಯೊಳಗೆ ಇಣುಕಿ ನೋಡಿ. 2014ರ ಕೊನೆಯಿಂದ 2017ರ ಕೊನೆಯವರೆಗಿನ ಮೂರು ವರ್ಷದಲ್ಲಿ ದರ 63ರಿಂದ 64ರ ಆಸುಪಾಸಿಗಷ್ಟೇ ಬಂದು ನಿಂತಿತು. ಆಗ ಡಾಲರ್ ಇಟ್ಟವರಿಗೆ ಎನ್‌ಆರ್‌ಇಗೆ ಹೋಲಿಸಿದರೆ ನಷ್ಟವೇ. 2019ರ ಕೊನೆಯಿಂದ 2022ರ ಕೊನೆಗೆ 71ರಿಂದ 82 ದಾಟಿತು. ಆಗ ಡಾಲರ್ ಇಟ್ಟವರು ಗೆದ್ದರು. ರೂಪಾಯಿ ಮೆಟ್ಟಿಲು ಇಳಿದ ಹಾಗೆ ಬೀಳುತ್ತದೆ: ಬಹಳ ಕಾಲ ಸುಮ್ಮನಿದ್ದು ಒಮ್ಮೆಲೇ ಜಾರುತ್ತದೆ. 2013ರ ಮೇ ತಿಂಗಳ ಆರಂಭದಲ್ಲಿ 54ರಷ್ಟಿದ್ದದ್ದು ಆಗಸ್ಟ್ ಕೊನೆಗೆ 68 ಮುಟ್ಟಿತು. ನಿಮ್ಮ ಮೂರು ವರ್ಷದಲ್ಲಿ ಅಂಥ ಮೆಟ್ಟಿಲು ಬರುತ್ತದೋ ಇಲ್ಲವೋ ಎಂದು ಮೊದಲೇ ಹೇಳಲು ಯಾರಿಂದಲೂ ಆಗದು.

ಹಾಗಾದರೆ ಆರಿಸುವುದು ಹೇಗೆ?

ದರದ ಭವಿಷ್ಯ ಗೊತ್ತಿಲ್ಲವಾದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಹಣ ಖರ್ಚಾಗುವುದು ಯಾವ ನಾಣ್ಯದಲ್ಲಿ, ಯಾವಾಗ?

ಕುಂದಾಪುರದಲ್ಲಿ ಮನೆ ಕಟ್ಟಿಸುತ್ತಿದ್ದೀರಿ, ಮುಂದಿನ ಹದಿನೆಂಟು ತಿಂಗಳಲ್ಲಿ ಗುತ್ತಿಗೆದಾರರಿಗೆ 17 ಲಕ್ಷ ಕೊಡಲೇಬೇಕು ಎಂದಾದರೆ ಎನ್‌ಆರ್‌ಇ. ಕೊಡಬೇಕಾದ್ದು ರೂಪಾಯಿ, ಕೈಯಲ್ಲಿರುವುದೂ ರೂಪಾಯಿ. ಇಲ್ಲಿ ಡಾಲರ್ ಇಟ್ಟುಕೊಂಡು ಕಾಯುವುದು ಜೂಜಾಗುತ್ತದೆ. ಮ್ಯೂಚುವಲ್ ಫಂಡ್‌ಗೆ ತಿಂಗಳ ಸಿಪ್ ಕಟ್ಟುವವರಿಗೂ ಎನ್‌ಆರ್‌ಇಯಂಥ ರೂಪಾಯಿ ಉಳಿತಾಯ ಖಾತೆ ಬೇಕೇ ಬೇಕು. ಎಫ್‌ಸಿಎನ್‌ಆರ್ ಠೇವಣಿಯಿಂದ ತಿಂಗಳ ಕಂತು ಕಡಿತವಾಗುವ ಮಾತೇ ಇಲ್ಲ.

ಇನ್ನೂ ಏನು ಮಾಡಬೇಕೆಂದು ತೀರ್ಮಾನವಾಗಿಲ್ಲ, ಮಗಳನ್ನು ಹೊರದೇಶದಲ್ಲಿ ಓದಿಸಬೇಕಾಗಬಹುದು ಎನ್ನುವ ಹಣಕ್ಕೆ ಎಫ್‌ಸಿಎನ್‌ಆರ್ ಸರಿ. ಮೇಲಿನ ಲೆಕ್ಕದಲ್ಲೇ, ದರ 96 ಆದಾಗ ಎನ್‌ಆರ್‌ಇಯ 20.63 ಲಕ್ಷವನ್ನು ಮತ್ತೆ ಡಾಲರ್ ಮಾಡಿದರೆ 21,500ಕ್ಕೂ ಸ್ವಲ್ಪ ಕಡಿಮೆ. ಎಫ್‌ಸಿಎನ್‌ಆರ್‌ನಲ್ಲಿ 22,561 ಭದ್ರವಾಗಿ ಇರುತ್ತಿತ್ತು.

ನಾಣ್ಯದ ಆಯ್ಕೆಯಲ್ಲೂ ಎಚ್ಚರ ಬೇಕು. ದಿರ್ಹಮ್, ಸೌದಿ ರಿಯಾಲ್ ಎರಡೂ ಡಾಲರ್‌ಗೆ ಕಟ್ಟಿದವು. ಅಲ್ಲಿಯವರಿಗೆ ಡಾಲರ್ ಠೇವಣಿ ಎಂದರೆ ತಮ್ಮದೇ ಸಂಬಳದ ನಾಣ್ಯ ಇದ್ದ ಹಾಗೆ. ಲಂಡನ್‌ನಲ್ಲಿ ಪೌಂಡ್ ದುಡಿಯುವವರು ಬಡ್ಡಿ ಹೆಚ್ಚೆಂದು ಡಾಲರ್‌ನಲ್ಲಿ ಇಟ್ಟರೆ ಪೌಂಡ್, ಡಾಲರ್, ರೂಪಾಯಿ ಮೂರರ ಏರಿಳಿತಕ್ಕೂ ಸಿಕ್ಕಿಬೀಳುತ್ತಾರೆ. ಇನ್ನು ಅಮೆರಿಕದಲ್ಲಿ ತೆರಿಗೆ ಕಟ್ಟುವ ಕನ್ನಡಿಗರಿಗೆ ಈ ಎರಡೂ ಠೇವಣಿಗಳ ಬಡ್ಡಿ ಅಲ್ಲಿನ ಆದಾಯಕ್ಕೆ ಸೇರುತ್ತದೆ. ಭಾರತದ ವಿನಾಯಿತಿ ಅಲ್ಲಿ ನಡೆಯುವುದಿಲ್ಲ.

ಹಣ ಸೋರುವ ಮೂರು ಜಾಗ

ಮೊದಲನೆಯದು ಕಳಿಸುವಾಗ. ಎಫ್‌ಸಿಎನ್‌ಆರ್ ಮಾಡಿಸಬೇಕೆಂದು ಎಂದಿನಂತೆ ಎಕ್ಸ್‌ಚೇಂಜ್ ಅಂಗಡಿಯಿಂದ ಎನ್‌ಆರ್‌ಇ ಖಾತೆಗೆ ಹಣ ಹಾಕಿದರೆ ಅದು ರೂಪಾಯಿಯಾಗಿ ಬಂದು ಕೂರುತ್ತದೆ. ಆಮೇಲೆ ಬ್ಯಾಂಕು ಅದನ್ನು ಮಾರಾಟ ದರದಲ್ಲಿ ಡಾಲರ್ ಮಾಡಿ ಠೇವಣಿ ಇಡುತ್ತದೆ. ಎರಡು ಬಾರಿ ಪರಿವರ್ತನೆ, ಎರಡು ಬಾರಿ ನಷ್ಟ. ಡಾಲರ್‌ಗೆ ಒಟ್ಟು 1 ರೂಪಾಯಿ ಹೋದರೂ 20,000ಕ್ಕೆ 20,000 ರೂಪಾಯಿ. ಸರಿಯಾದ ಕ್ರಮ ಹೀಗೆ: ಮೊದಲು ಶಾಖೆಗೆ ಎಫ್‌ಸಿಎನ್‌ಆರ್ ಅರ್ಜಿ ಕೊಟ್ಟು, ಅವರು ಹೊರದೇಶದ ಬ್ಯಾಂಕಿನಲ್ಲಿ ಇಟ್ಟಿರುವ ಡಾಲರ್ ಖಾತೆಯ, ಅಂದರೆ ನಾಸ್ಟ್ರೋ ಖಾತೆಯ ವಿವರ ಮತ್ತು ಸ್ವಿಫ್ಟ್ ಕೋಡ್ ಪಡೆಯಿರಿ. ಅಲ್ಲಿನ ಬ್ಯಾಂಕಿನಿಂದ ಡಾಲರ್‌ನಲ್ಲೇ ಕಳಿಸಿ. ಉದ್ದೇಶದ ಜಾಗದಲ್ಲಿ `FCNR(B) deposit, do not convert to INR` ಎಂದು ಬರೆಯಿಸಿ. ಶುಲ್ಕದ ಆಯ್ಕೆಯಲ್ಲಿ `OUR` ಎಂದು ಹಾಕಿ, ಆಗ ಶುಲ್ಕವೆಲ್ಲ ಕಳಿಸುವವರದೇ. `SHA` ಎಂದಿದ್ದರೆ ನಡುವಿನ ಬ್ಯಾಂಕು ತನ್ನ ಪಾಲು ಕಡಿದುಕೊಂಡು 20,000ದ ಬದಲು ಕಡಿಮೆ ಮೊತ್ತ ತಲುಪಬಹುದು. ಸ್ವಿಫ್ಟ್ ಪ್ರತಿಯನ್ನು ಅದೇ ದಿನ ಶಾಖೆಗೆ ಮೇಲ್ ಮಾಡಿ. ಠೇವಣಿ ರಸೀದಿಯಲ್ಲಿ ಮೊತ್ತ ಡಾಲರ್‌ನಲ್ಲಿ ದುಂಡಾಗಿ ಇದ್ದರೆ ಹಣ ನೇರವಾಗಿ ಬಂದಿದೆ. 19,743.18ರಂಥ ಬಿಡಿ ಅಂಕಿ ಕಂಡರೆ ನಡುವೆ ಏನೋ ಆಗಿದೆ, ಕೇಳಿ.

ಎರಡನೆಯದು ನಡುವೆ ಮುರಿಯುವಾಗ. ಎಫ್‌ಸಿಎನ್‌ಆರ್ ಅನ್ನು ಅವಧಿಗೆ ಮೊದಲು ಎನ್‌ಆರ್‌ಇ ಮಾಡಿಕೊಳ್ಳುವುದೂ ಮುರಿದಂತೆಯೇ ಲೆಕ್ಕ. ದಂಡದ ಜೊತೆ, ನಿಮ್ಮ ಡಾಲರ್‌ನ ವಿನಿಮಯ ಅಪಾಯ ತಪ್ಪಿಸಿಕೊಳ್ಳಲು ಬ್ಯಾಂಕು ಮಾಡಿಕೊಂಡ ಸ್ವಾಪ್ ವ್ಯವಹಾರದ ವೆಚ್ಚವನ್ನೂ ಕಡಿಯಬಹುದು. ಆದ್ದರಿಂದ 20,000 ಡಾಲರ್ ಅನ್ನು ಒಂದೇ ಠೇವಣಿ ಮಾಡದೆ 5,000ದಂತೆ ನಾಲ್ಕು ಮಾಡಿ. ತುರ್ತಿಗೆ ಒಂದನ್ನು ಮುರಿದರೆ ಮೂರು ಉಳಿಯುತ್ತವೆ. ಸ್ವಲ್ಪ ಕಾಲಕ್ಕಷ್ಟೇ ಹಣ ಬೇಕಾದರೆ ಠೇವಣಿಯ ಮೇಲೆ ರೂಪಾಯಿ ಸಾಲ ಕೊಡುತ್ತಾರೆ. ಮುರಿಯುವ ಮೊದಲು ಆ ಬಡ್ಡಿಯನ್ನೂ ಕೇಳಿ.

ಮೂರನೆಯದು ಅವಧಿ ಮುಗಿದಾಗ. ಅರ್ಜಿಯಲ್ಲಿ ಮುಕ್ತಾಯದ ಹಣ ಎಲ್ಲಿಗೆ ಎಂಬ ಜಾಗದಲ್ಲಿ ಎನ್‌ಆರ್‌ಇ ಖಾತೆ ಸಂಖ್ಯೆಯನ್ನೇ ಬರೆಯಿರಿ. ಅದು ತಪ್ಪಿ ಎನ್‌ಆರ್‌ಒಗೆ ಹೋದರೆ ಮಿತಿಯಿಲ್ಲದ ವಾಪಸಾತಿಯ ಹಕ್ಕು ಹೋಗಿ, ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ, ಲೆಕ್ಕಪರಿಶೋಧಕರ ಪ್ರಮಾಣಪತ್ರ ಎಂಬ ದಾರಿ ಹಿಡಿಯಬೇಕಾಗುತ್ತದೆ.

ಊರಿಗೆ ಮರಳುವ ವರ್ಷ ಹತ್ತಿರವಿದ್ದರೆ

ಬಡ್ಡಿ ಪಟ್ಟಿಯಲ್ಲಿ ಕಾಣದ, ಆದರೆ ತೂಕ ಬದಲಿಸುವ ವಿಷಯ ಇದು. ಕೆಲಸ ಮುಗಿಸಿ ನೆಲೆಸಲೆಂದೇ ಮರಳಿದ ಕೂಡಲೇ ಎನ್‌ಆರ್‌ಇ ಖಾತೆಯನ್ನು ಸ್ಥಳೀಯ ಖಾತೆಯಾಗಿ ಬದಲಿಸಬೇಕು. ಎನ್‌ಆರ್‌ಇಯ ತೆರಿಗೆ ವಿನಾಯಿತಿ ನಿಂತಿರುವುದು ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ನೀವು ಹೊರಗಿನವರು ಎಂಬುದರ ಮೇಲೆ. ಮರಳಿದ ದಿನದಿಂದ ಆ ಬಡ್ಡಿಗೆ ತೆರಿಗೆ. ಎಫ್‌ಸಿಎನ್‌ಆರ್ ಅನ್ನು ಮಾತ್ರ ಒಪ್ಪಿಕೊಂಡ ಬಡ್ಡಿಯಲ್ಲೇ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು. ಅದರ ವಿನಾಯಿತಿ ಆದಾಯ ತೆರಿಗೆ ಕಾಯ್ದೆಯ ನಿವಾಸ ಸ್ಥಿತಿಯ ಮೇಲೆ ನಿಂತಿದೆ. ನೀವು 'ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ' ಎಂಬ ಸ್ಥಿತಿಯಲ್ಲಿರುವಷ್ಟು ಕಾಲ ಅದು ಉಳಿಯುತ್ತದೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರಿಗೆ ಅಥವಾ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಭಾರತದಲ್ಲಿ ಇರದಿದ್ದವರಿಗೆ ಈ ಸ್ಥಿತಿ ಸಿಗುತ್ತದೆ. ದೀರ್ಘಕಾಲ ಹೊರಗಿದ್ದವರಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷ.

ತೆರಿಗೆ ಶೇ 30ರ ಹಂತದಲ್ಲಿದ್ದವರಿಗೆ ಎನ್‌ಆರ್‌ಇಯ ಆರೂವರೆ ಬಡ್ಡಿ ಕೈಗೆ ಬರುವುದು ನಾಲ್ಕೂವರೆಯಷ್ಟೇ. ತೆರಿಗೆಯಿಲ್ಲದ ಡಾಲರ್‌ನ ನಾಲ್ಕರ ಎದುರು ಅಂತರ ಶೇ ಎರಡೂವರೆಯಿಂದ ಶೇ ಅರ್ಧದಷ್ಟಕ್ಕೆ ಇಳಿದುಹೋಯಿತು. ಸಮ ದರವೂ ಕೆಳಗಿಳಿಯುತ್ತದೆ. ಆದ್ದರಿಂದ ಮರಳುವ ಟಿಕೆಟ್ ತೆಗೆಸುವ ಮೊದಲೇ, ಇನ್ನೂ ಅನಿವಾಸಿಯಾಗಿರುವಾಗಲೇ ಎಫ್‌ಸಿಎನ್‌ಆರ್ ಇಟ್ಟುಬಿಡಬೇಕು. ಮರಳಿದ ಮೇಲೆ ಹೊಸದಾಗಿ ಇಡಲು ಬರುವುದಿಲ್ಲ. ಅವಧಿ ಮುಗಿದ ಡಾಲರ್ ಅನ್ನು ಡಾಲರ್ ಆಗಿಯೇ ಉಳಿಸಿಕೊಳ್ಳಬೇಕೆಂದರೆ ಮರಳಿದವರಿಗೆಂದೇ ಇರುವ ಆರ್‌ಎಫ್‌ಸಿ ಖಾತೆ ತೆರೆದು, ಮುಕ್ತಾಯದ ದಿನಕ್ಕೆ ಮೊದಲೇ ಶಾಖೆಗೆ ಲಿಖಿತವಾಗಿ ತಿಳಿಸಿಡಿ.