ಅಡಿಕೆ ಮರದಿಂದ ಬಿದ್ದವರಿಗೆ ಯಾರು ದಿಕ್ಕು? ಕಲ್ಯಾಣ ರಾಜ್ಯದ ಮೂರು ದಾರಿಗಳು

ಗ್ಯಾರಂಟಿ ಯೋಜನೆಗಳು ಬಂದ ಮೇಲೆ ಸಾಗರ, ತೀರ್ಥಹಳ್ಳಿ ಕಡೆಯ ಹೋಟೆಲುಗಳಲ್ಲಿ ಒಂದೇ ಜಗಳ. ಬಿಟ್ಟಿ ಕೊಟ್ಟರೆ ತೋಟಕ್ಕೆ ಆಳು ಬರುವುದಿಲ್ಲ ಎಂದು ಒಬ್ಬರು, ದೊಡ್ಡವರ ಸಾಲ ಮನ್ನಾ ಬಿಟ್ಟಿಯಲ್ಲವೇ ಎಂದು ಇನ್ನೊಬ್ಬರು. ಇಬ್ಬರೂ ಬೇರೆ ಬೇರೆ ಸಂಗತಿಗಳ ಬಗ್ಗೆ ಮಾತಾಡುತ್ತಿರುವುದರಿಂದ ಜಗಳ ಮುಗಿಯುವುದಿಲ್ಲ. ಸರ್ಕಾರ ಎಷ್ಟು ಕೊಡುತ್ತದೆ ಎನ್ನುವುದಕ್ಕಿಂತ ಯಾರೆಂದು ಗುರುತಿಸಿ ಕೊಡುತ್ತದೆ ಎನ್ನುವುದು ಇಲ್ಲಿ ಮುಖ್ಯ. ಬಡವನೆಂದೋ, ನೌಕರನೆಂದೋ, ಬರೀ ಈ ಊರಿನವನೆಂದೋ?

ಡೆನ್ಮಾರ್ಕಿನ ಸಮಾಜಶಾಸ್ತ್ರಜ್ಞ ಗೋಸ್ಟಾ ಎಸ್ಪಿಂಗ್-ಆಂಡರ್ಸನ್ 1990ರಲ್ಲಿ 18 ಶ್ರೀಮಂತ ದೇಶಗಳನ್ನು ಸರಿಸುಮಾರು ಇದೇ ಪ್ರಶ್ನೆಯಿಂದ ವಿಂಗಡಿಸಿದರು. ಕೂಲಿ ಮಾಡಲಾಗದ ದಿನ ಒಬ್ಬ ಮನುಷ್ಯ ಎಷ್ಟರಮಟ್ಟಿಗೆ ಬದುಕಬಲ್ಲ ಎಂಬುದು ಅವರ ಅಳತೆಗೋಲು. ಪಿಂಚಣಿ, ಕಾಯಿಲೆ ಭತ್ಯೆ ಮತ್ತು ನಿರುದ್ಯೋಗ ಭತ್ಯೆಯ ನಿಯಮಗಳನ್ನು ನೋಡಿ ಅಂಕ ಕೊಟ್ಟಾಗ ಅಮೆರಿಕಕ್ಕೆ 13.8, ಜರ್ಮನಿಗೆ 27.7, ಸ್ವೀಡನ್ನಿಗೆ 39.1 ಬಂತು. ಅಂಕಕ್ಕಿಂತ ಅದರ ಹಿಂದಿನ ವಿಂಗಡಣೆಯೇ ಹೆಚ್ಚು ಬಾಳಿಕೆ ಬಂದಿದೆ. ಉದಾರವಾದಿ ಮಾದರಿಯಲ್ಲಿ ಮಾರುಕಟ್ಟೆ ಕೈಬಿಟ್ಟ ಬಡವರಿಗೆ ಮಾತ್ರ, ಪರೀಕ್ಷೆ ಮಾಡಿ ನೆರವು. ಸಂಪ್ರದಾಯವಾದಿ ಮಾದರಿಯಲ್ಲಿ ಕೆಲಸಕ್ಕೆ ಕಟ್ಟಿದ ವಿಮೆ, ಅದೂ ಒಂದೊಂದು ಕಸುಬಿಗೆ ಒಂದೊಂದು. ಸೋಶಿಯಲ್ ಡೆಮಾಕ್ರಟಿಕ್ ಮಾದರಿಯಲ್ಲಿ ತೆರಿಗೆಯಿಂದ ಎಲ್ಲರಿಗೂ.

ಇದು ನಮಗೆ ಅರ್ಥವಾಗಬೇಕಾದರೆ ಒಬ್ಬ ಕೊನೆಗೌಡನನ್ನು ನೆನೆಯೋಣ. ಐವತ್ತರ ಆಸುಪಾಸಿನವನು, ಹತ್ತಾರು ಮನೆಯವರ ತೋಟದಲ್ಲಿ ಕೊನೆ ಕೊಯ್ಯುತ್ತಾನೆ, ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾನೆ. ಜುಲೈಯಲ್ಲಿ ಪಾಚಿ ಕಟ್ಟಿದ ಮರದಿಂದ ಜಾರಿ ಬಿದ್ದು ಬೆನ್ನುಮೂಳೆ ಮುರಿಯಿತು ಎಂದಿಟ್ಟುಕೊಳ್ಳಿ. ಮಲೆನಾಡಿನಲ್ಲಿ ಇದು ಅಪರೂಪದ ಸುದ್ದಿಯಲ್ಲ. ಹತ್ತುವವರು ಸಿಗದೆ ಈಗ ಫೈಬರ್ ದೋಟಿ ಬಂದಿರುವುದಕ್ಕೆ ಈ ಭಯವೂ ಒಂದು ಕಾರಣ.

ಅವನನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಒಯ್ಯುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತದೆ. ಶಸ್ತ್ರಚಿಕಿತ್ಸೆ ಹೇಗೋ ಆಯಿತು ಅನ್ನಿ. ಆಮೇಲೆ ಆರು ತಿಂಗಳು ಮನೆಯಲ್ಲಿ ಮಲಗಿದ ದಿನಗಳ ಕೂಲಿ ಯಾವ ಯೋಜನೆಯಲ್ಲೂ ಇಲ್ಲ. ತೋಟದ ಹೆಗ್ಗಡೆಯವರು ಒಳ್ಳೆಯವರಾದರೆ ಒಂದಿಷ್ಟು ಕೊಡುತ್ತಾರೆ, ಅದೂ ಯಾರ ತೋಟದಲ್ಲಿ ಬಿದ್ದ ಎನ್ನುವುದರ ಮೇಲೆ.

ಅವನು ಜರ್ಮನಿಯ ಬವೇರಿಯಾದಲ್ಲಿ ಸೇಬಿನ ಮರದಿಂದ ಬಿದ್ದಿದ್ದರೆ ಕಥೆ ಬೇರೆ. ಬಿಸ್ಮಾರ್ಕ್ 1883ರಲ್ಲಿ ಕಾಯಿಲೆ ವಿಮೆ, 1884ರಲ್ಲಿ ಅಪಘಾತ ವಿಮೆ ತಂದಾಗ ಅವು ಮುಖ್ಯವಾಗಿ ಕಾರ್ಖಾನೆಯವರಿಗೆ. ಎರಡೇ ವರ್ಷದಲ್ಲಿ, 1886ರಲ್ಲಿ, ಅಪಘಾತ ವಿಮೆಯನ್ನು ಕೃಷಿಗೂ ವಿಸ್ತರಿಸಲಾಯಿತು. ಇವತ್ತಿಗೂ ಅಲ್ಲಿ ಜಮೀನಿನ ಮಾಲೀಕ ಕೃಷಿ ವಿಮಾ ಸಂಘಕ್ಕೆ ವಂತಿಗೆ ಕಟ್ಟಲೇಬೇಕು. ಕೆಲಸದವನು ಬಿದ್ದರೆ ಮೊದಲ ಆರು ವಾರ ಮಾಲೀಕನ ಸಂಬಳ, ಆಮೇಲೆ ಸಂಘದಿಂದ ಹಿಂದಿನ ಸಂಬಳದ ಶೇ 80ರವರೆಗೆ ಭತ್ಯೆ. ಇನ್ನು ದುಡಿಯಲು ಆಗುವುದೇ ಇಲ್ಲ ಎಂದಾದರೆ ವಾರ್ಷಿಕ ಸಂಪಾದನೆಯ ಮೂರರಲ್ಲಿ ಎರಡು ಪಾಲು ಪಿಂಚಣಿ. ತಪ್ಪು ಯಾರದು ಎಂದು ಕೇಳುವಂತಿಲ್ಲ, ಆಸ್ತಿ ಎಷ್ಟಿದೆ ಎಂದೂ ಕೇಳುವಂತಿಲ್ಲ.

ಆದರೆ ಆ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಜಾಗ, ಜಾಗ ಬಿಟ್ಟರೆ ರಕ್ಷಣೆಯೂ ಬದಲಾಗುತ್ತದೆ. ರೈತರ ಮುಪ್ಪಿನ ಪಿಂಚಣಿ ಬಂದಿದ್ದು 1957ರಲ್ಲಿ, ಅವರದೇ ಪ್ರತ್ಯೇಕ ಕಾನೂನಿನಿಂದ. ಅದಕ್ಕೊಂದು ಷರತ್ತಿತ್ತು: ಜಮೀನನ್ನು ಮುಂದಿನವರಿಗೆ ಬಿಟ್ಟುಕೊಟ್ಟರೆ ಮಾತ್ರ ಪಿಂಚಣಿ. ಹಿರಿಯರು ಕುರ್ಚಿ ಬಿಡದಿದ್ದರೆ ಯುವಕರು ಕೃಷಿಗೆ ಬರುವುದಿಲ್ಲ ಎಂಬ ಲೆಕ್ಕಾಚಾರ. ತೊಂಬತ್ತರ ಅಜ್ಜನ ಹೆಸರಿನಲ್ಲೇ ಪಹಣಿ ಇರುವ ನಮ್ಮ ಮನೆಗಳಲ್ಲಿ ಇದನ್ನು ಹೇಳಿ ನೋಡಬೇಕು! ಗಂಡ ಜಮೀನು ಬಿಡದೆ ಕೂತರೆ ಹೆಂಡತಿಯ ಪಿಂಚಣಿಯೂ ನಿಲ್ಲುತ್ತಿತ್ತು. 2018ರಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಈ ಷರತ್ತು ಸಂವಿಧಾನಕ್ಕೆ ವಿರುದ್ಧ ಎಂದ ಮೇಲೆ ಅದು ಹೋಯಿತು. ರೈತನ ಹೆಂಡತಿಗೆ ತನ್ನದೇ ಸ್ವಂತ ವಿಮೆ ಎಂಬುದು 1995ರವರೆಗೆ ಬಂದಿರಲೇ ಇಲ್ಲ.

ಅಮೆರಿಕದಲ್ಲಿ ಇದೇ ಮನುಷ್ಯ ಬಿದ್ದರೆ ಮೊದಲ ಪ್ರಶ್ನೆ ಯಾವ ರಾಜ್ಯದಲ್ಲಿ ಎಂಬುದು. ಕೆಲಸದ ಅಪಘಾತದ ಪರಿಹಾರ ಅಲ್ಲಿ ರಾಜ್ಯಗಳ ವಿಷಯ. ಹಲವು ರಾಜ್ಯಗಳು ಸಣ್ಣ ಫಾರಂಗಳಿಗೆ ವಿನಾಯಿತಿ ಕೊಟ್ಟಿವೆ, ಟೆಕ್ಸಾಸ್‌ನಲ್ಲಂತೂ ಖಾಸಗಿ ಮಾಲೀಕರಿಗೆ ಈ ವಿಮೆ ಕಡ್ಡಾಯವೇ ಅಲ್ಲ. ಶಾಶ್ವತವಾಗಿ ಅಂಗವಿಕಲನಾದರೆ ಕೇಂದ್ರದ ಭತ್ಯೆಗೆ ಐದು ತಿಂಗಳು ಕಾಯಬೇಕು, ಅದರ ಜೊತೆಯ ಆರೋಗ್ಯ ವಿಮೆಗೆ ಸಾಮಾನ್ಯವಾಗಿ ಇನ್ನೂ 24 ತಿಂಗಳು. ಅಲ್ಲಿಯವರೆಗೆ ಬಡವರ ಆರೋಗ್ಯ ಯೋಜನೆ ಸಿಗಬೇಕಾದರೆ ಆದಾಯ ಪರೀಕ್ಷೆ. 1935ರ ಸಾಮಾಜಿಕ ಭದ್ರತಾ ಕಾನೂನು ಕೃಷಿ ಕೂಲಿಗಳನ್ನೂ ಮನೆಕೆಲಸದವರನ್ನೂ ಹೊರಗೇ ಇಟ್ಟಿತ್ತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ವರ್ಣೀಯ ದುಡಿಮೆಗಾರರಲ್ಲಿ ಬಹುಪಾಲು ಈ ಎರಡೇ ಕೆಲಸದಲ್ಲಿದ್ದರು. ಹೊಲಹೊಲ ತಿರುಗಿ ವಂತಿಗೆ ವಸೂಲು ಮಾಡುವುದು ಕಷ್ಟವೆಂದು ಹಾಗೆ ಮಾಡಿದರೋ, ಅಗ್ಗದ ಕೂಲಿ ಕೈತಪ್ಪಬಾರದೆಂದೋ ಎಂಬ ವಾದ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. ಕಾಯಂ ಕೃಷಿ ಕೂಲಿಗಳು 1950ರಲ್ಲಿ, ಸ್ವಂತ ಜಮೀನಿನ ರೈತರು 1954ರಲ್ಲಿ ಒಳಗೆ ಬಂದರು.

ಮೂರನೆಯ ದಾರಿಯ ಹುಟ್ಟು ಇನ್ನೂ ಸ್ವಾರಸ್ಯ. ಸ್ಕ್ಯಾಂಡಿನೇವಿಯಾ ಎಂದರೆ ಕಾರ್ಮಿಕ ಪಕ್ಷಗಳ ಸಾಧನೆ ಎಂಬ ಮಾತಿದೆ. ಅದು ಅರ್ಧ ಸತ್ಯ. ಇನ್ನರ್ಧ ರೈತರದು. ಡೆನ್ಮಾರ್ಕಿನಲ್ಲಿ 1891ರಲ್ಲಿ ಅರವತ್ತು ದಾಟಿದ ಬಡ ಮುದುಕರಿಗೆ ತೆರಿಗೆ ಹಣದಿಂದ ನೆರವು ಶುರುವಾದಾಗ ಅದರ ಹಿಂದೆ ರೈತರ ಸರಳ ಲೆಕ್ಕವಿತ್ತು. ಜರ್ಮನಿಯಂತೆ ಸಂಬಳದ ಮೇಲೆ ವಂತಿಗೆ ಎಂದರೆ ಆಳು ಇಟ್ಟುಕೊಂಡ ರೈತ ಕೈಯಿಂದ ಕಟ್ಟಬೇಕು, ಅವನಿಗೆ ಮಾತ್ರ ಸಂಬಳವೇ ಇಲ್ಲವಾದ್ದರಿಂದ ವಿಮೆಯೂ ಇಲ್ಲ. ಬದಲಿಗೆ ಖರ್ಚಿನ ಒಂದು ಪಾಲು ಬಿಯರ್ ಮೇಲಿನ ಹೊಸ ತೆರಿಗೆಯಿಂದ ಬಂದರೆ ಭಾರ ಪೇಟೆಯವರ ಮೇಲೂ ಬೀಳುತ್ತದೆ. ಈ ನೆರವು ಪಡೆದವರು ಮತದಾನದ ಹಕ್ಕು ಕಳೆದುಕೊಳ್ಳಬೇಕಿರಲಿಲ್ಲ ಎಂಬುದು ಆಗ ಸಣ್ಣ ವಿಷಯವಲ್ಲ, ಏಕೆಂದರೆ ಹಳೆಯ ಬಡವರ ನೆರವು ಪಡೆದವನು ಮತವನ್ನೂ ಬಿಡಬೇಕಿತ್ತು. ಸ್ವೀಡನ್ 1913ರಲ್ಲಿ ಪಿಂಚಣಿ ಕಾನೂನು ಮಾಡಿದಾಗ ಕಾರ್ಖಾನೆಯವರಿಗಷ್ಟೇ ಸೀಮಿತಗೊಳಿಸದೆ ಇಡೀ ಜನತೆಯನ್ನು ಅದರೊಳಗೆ ತಂದಿತು. ಜನಸಂಖ್ಯೆಯ ದೊಡ್ಡ ಭಾಗ ಹಳ್ಳಿಯಲ್ಲಿರುವಾಗ ಬೇರೆ ದಾರಿಯೂ ಇರಲಿಲ್ಲ.

1933ರಲ್ಲಿ ಸ್ವೀಡನ್ನಿನಲ್ಲಿ ಆರ್ಥಿಕ ಕುಸಿತ. ಪೇರ್ ಆಲ್ಬಿನ್ ಹಾನ್ಸನ್ ನೇತೃತ್ವದ ಕಾರ್ಮಿಕ ಪಕ್ಷಕ್ಕೆ ಬಹುಮತ ಇರಲಿಲ್ಲ. ಆಗ ರೈತರ ಪಕ್ಷದ ಜೊತೆ ಆದ ಒಪ್ಪಂದವನ್ನು ಅಲ್ಲಿನವರು ಇವತ್ತಿಗೂ ‘ದನದ ವ್ಯಾಪಾರ’ ಎನ್ನುತ್ತಾರೆ. ರೈತರಿಗೆ ಬೆಣ್ಣೆ ಮತ್ತಿತರ ಕೃಷಿ ಉತ್ಪನ್ನಗಳ ಬೆಲೆಗೆ ರಕ್ಷಣೆ, ಕಾರ್ಮಿಕರಿಗೆ ಮಾರುಕಟ್ಟೆ ದರದ ಕೂಲಿಯಲ್ಲಿ ಸಾರ್ವಜನಿಕ ಕಾಮಗಾರಿ. ಪೇಟೆಯ ಕಾರ್ಮಿಕ ಬೆಣ್ಣೆಗೆ ಹೆಚ್ಚು ಬೆಲೆ ಕೊಡಲು ಒಪ್ಪಿದ, ರೈತ ಆಳಿನ ಕೂಲಿ ಏರುವುದಕ್ಕೆ ಒಪ್ಪಿದ. ಯಾರಿಗೂ ಪೂರ್ತಿ ಇಷ್ಟವಿಲ್ಲದ ಒಪ್ಪಂದ, ಆದ್ದರಿಂದಲೇ ಮುರಿಯಲಿಲ್ಲ. 1948ರ ಹೊತ್ತಿಗೆ ಸ್ವೀಡನ್ನಿನಲ್ಲಿ ಮೂಲ ಪಿಂಚಣಿಗೆ ಆದಾಯ ಪರೀಕ್ಷೆಯೇ ಹೋಗಿ, ಶ್ರೀಮಂತನಿಗೂ ಕೂಲಿಯವನಿಗೂ ಒಂದೇ ಮೊತ್ತ ಬಂತು. ಶ್ರೀಮಂತನಿಂದ ತೆರಿಗೆಯಲ್ಲಿ ವಾಪಸು ಪಡೆದರಾಯಿತು ಎಂಬ ತರ್ಕ. ನಮ್ಮ ಕೊನೆಗೌಡ ಅಲ್ಲಿದ್ದರೆ ಕಾಯಿಲೆ ಭತ್ಯೆಯಾಗಿ ಸಂಪಾದನೆಯ ಶೇ 80ಕ್ಕೆ ಸ್ವಲ್ಪ ಕಡಿಮೆ ಸಿಗುತ್ತಿತ್ತು. ಆದರೆ ಘೋಷಿಸಿದ ಸಂಪಾದನೆ ಇರಬೇಕು. ಕೈಗೆ ಕೈ ಕೂಲಿ ಪಡೆದು ಲೆಕ್ಕ ಇಡದವನಿಗೆ ಅಲ್ಲೂ ಕಷ್ಟವೇ.

ಇನ್ನು ಮಲೆನಾಡು. ಇಲ್ಲಿ ಮೂರೂ ದಾರಿಗಳು ಒಂದೇ ಜಿಲ್ಲೆಯಲ್ಲಿ ಅಕ್ಕಪಕ್ಕ ಇವೆ, ಒಂದಕ್ಕೊಂದು ಸೇರಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಾಯಂ ನೌಕರರಿಗೆ ಕ್ವಾರ್ಟರ್ಸ್, ಆಸ್ಪತ್ರೆ, ಪಿಎಫ್ ಎಲ್ಲ ಇದ್ದ ಕಾಲದಲ್ಲಿ ಅದು ಒಂದು ಪುಟ್ಟ ಜರ್ಮನಿ. ಅದೇ ಗೇಟಿನೊಳಗೆ ದುಡಿದ ಗುತ್ತಿಗೆಯವರಿಗೆ ಆ ಭದ್ರತೆ ಇರಲಿಲ್ಲ. ಇಎಸ್‌ಐ ಇದ್ದವನು ಕಾಯಿಲೆ ಬಿದ್ದರೆ ಕೂಲಿಯ ಶೇ 70, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ತೋಟದಲ್ಲಿ ದುಡಿಯುವವನಿಗೆ ಇಎಸ್‌ಐ ಇಲ್ಲ.

ತೋಟದ ಕಥೆಯಲ್ಲಿ ಒಂದು ವಿಚಿತ್ರ ಬಿರುಕಿದೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾನೂನು ಮನೆ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯ ಕೊಡಬೇಕೆಂದು ಹೇಳಿದ್ದು ಟೀ, ಕಾಫಿ, ರಬ್ಬರ್, ಸಿಂಕೋನಾ ತೋಟಗಳಿಗೆ. 1981ರಲ್ಲಿ ಏಲಕ್ಕಿ ಸೇರಿತು. ಕನಿಷ್ಠ 5 ಹೆಕ್ಟೇರ್, 15 ಜನ ಕೆಲಸದವರು. ಅಡಿಕೆ ಆ ಪಟ್ಟಿಯಲ್ಲಿಲ್ಲ, 2020ರ ಕಾರ್ಮಿಕ ಸಂಹಿತೆಯಲ್ಲೂ ಅದೇ ಪಟ್ಟಿ. ಹೀಗಾಗಿ ಚಿಕ್ಕಮಗಳೂರಿನ ದೊಡ್ಡ ಕಾಫಿ ಎಸ್ಟೇಟಿನ ಕಾರ್ಮಿಕನಿಗೆ ಕಾಗದದಲ್ಲಾದರೂ ಇರುವ ಹಕ್ಕು, ಘಟ್ಟದ ಇತ್ತ ಅಡಿಕೆ ತೋಟದಲ್ಲಿ ದುಡಿಯುವವನಿಗೆ ಇಲ್ಲ. ಸೇರಿಸಿದರೂ ಲಾಭ ಕಡಿಮೆ, ನಮ್ಮ ತೋಟಗಳು ಒಂದೆರಡು ಎಕರೆಯವು. ಕಾಗೋಡು ಸತ್ಯಾಗ್ರಹದಿಂದ 1974ರ ಭೂಸುಧಾರಣೆಯವರೆಗಿನ ಹೋರಾಟ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಆಳು ಮಾತ್ರ ಆಳಾಗಿಯೇ ಉಳಿದ. ಹೊಸ ಒಡೆಯನಿಗೂ ಹಳೆಯ ಆಳಿಗೂ ನಡುವೆ ‘ದನದ ವ್ಯಾಪಾರ’ದಂಥದ್ದು ಯಾವತ್ತೂ ಕುದುರಲಿಲ್ಲ. ಒಬ್ಬ ಬೆಂಬಲ ಬೆಲೆ ಕೇಳಿದ, ಇನ್ನೊಬ್ಬ ರೇಷನ್ ಕೇಳಿದ, ಬೇರೆ ಬೇರೆ ಬಾಗಿಲಲ್ಲಿ ನಿಂತು.

ಆ ರೇಷನ್ ಕಾರ್ಡೇ ಕೊನೆಗೆ ಎಲ್ಲದರ ಕೀಲಿಯಾಯಿತು. ಅಕ್ಕಿಗೂ ಅದೇ, ಆಸ್ಪತ್ರೆಗೂ ಅದೇ. ಮುಪ್ಪಿನ ಪಿಂಚಣಿಗೆ ಬೇಕಾದ ಆದಾಯ ಪ್ರಮಾಣಪತ್ರವೂ ಅದೇ ಬಗೆಯದು. 1995ರಲ್ಲಿ ಕೇಂದ್ರದ ಪಿಂಚಣಿ ತಿಂಗಳಿಗೆ 75 ರೂಪಾಯಿಂದ ಶುರುವಾಯಿತು. ಎಂಬತ್ತಕ್ಕಿಂತ ಕೆಳಗಿನವರಿಗೆ ಕೇಂದ್ರದ ಪಾಲು 2006ರಿಂದ 200 ರೂಪಾಯಿಯಲ್ಲೇ ನಿಂತಿದೆ, ಉಳಿದದ್ದು ರಾಜ್ಯ ಸೇರಿಸಬೇಕು. ಬಡವರಿಗೆ ಮಾತ್ರ ಎಂದು ಗೆರೆ ಎಳೆದ ಯೋಜನೆಗೆ ಗೆರೆಯ ಆಚೆಗಿನವರು ದನಿ ಎತ್ತುವುದಿಲ್ಲ. ಮೊತ್ತ ಕೊಳೆಯುವುದು ಹಾಗೆ. ಮಗ ಸಾಲ ಮಾಡಿ ಓಮ್ನಿ ಕೊಂಡದ್ದಕ್ಕೆ ಬಿಪಿಎಲ್ ಕಾರ್ಡ್ ಕಳೆದುಕೊಂಡ ಮನೆಯಲ್ಲಿ, ಕೊಳೆರೋಗ ಬಂದ ವರ್ಷ ಆದಾಯ ಮಣ್ಣುಪಾಲಾದರೂ ಕಾರ್ಡ್ ತಾನಾಗಿ ವಾಪಸು ಬರುವುದಿಲ್ಲ.

ಗೃಹಲಕ್ಷ್ಮಿ ಈ ಗೆರೆಯನ್ನು ಮೇಲಕ್ಕೆ ಸರಿಸಿತು: ಆದಾಯ ತೆರಿಗೆ ಮತ್ತು ಜಿಎಸ್‌ಟಿ ಕಟ್ಟುವವರ ಮನೆ ಬಿಟ್ಟು ಉಳಿದ ಮನೆಗಳ ಯಜಮಾನಿಗೆ 2,000 ರೂಪಾಯಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಂತೂ ಗೆರೆಯೇ ಇಲ್ಲ, ರಾಜ್ಯದ ಯಾವ ಹೆಂಗಸೂ ಸಾಮಾನ್ಯ ಸರ್ಕಾರಿ ಬಸ್ಸನ್ನು ಟಿಕೆಟ್ ಹಣವಿಲ್ಲದೆ ಹತ್ತಬಹುದು (ಖಾಸಗಿ ಬಸ್ಸೇ ಓಡುವ ಮಲೆನಾಡಿನ ಹಳ್ಳಿಗಳಲ್ಲಿ ಹತ್ತಲು ಬಸ್ ಬೇಕಷ್ಟೆ). ಎಸ್ಪಿಂಗ್-ಆಂಡರ್ಸನ್ ವಿಂಗಡಣೆಯ ಬಗ್ಗೆ ಮೊದಲು ಬಂದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದೂ ಹೆಂಗಸರ ಕುರಿತೇ. ಸಂಬಳದ ಕೆಲಸದಿಂದ ಬಿಡುಗಡೆಯನ್ನು ಅಳೆಯುವ ಗೋಲು, ಸಂಬಳವೇ ಇಲ್ಲದೆ ದುಡಿಯುವವಳನ್ನು ಎಲ್ಲಿ ಇಡುತ್ತದೆ ಎಂದು ಜೇನ್ ಲೂಯಿಸ್, ಆನ್ ಓರ್ಲಾಫ್ ಮೊದಲಾದವರು 1990ರ ದಶಕದಲ್ಲೇ ಕೇಳಿದರು. ಬೆನ್ನು ಮುರಿದ ಕೊನೆಗೌಡನನ್ನು ಆರು ತಿಂಗಳು ಎತ್ತಿ ಕೂರಿಸಿ, ಅದರ ನಡುವೆಯೇ ಅಡಿಕೆ ಸುಲಿಯಲು ಹೋಗಿ ಬರುವವಳು ಅವನ ಹೆಂಡತಿ. ಜರ್ಮನಿಯಲ್ಲಿ 1995ರಿಂದ ಆರೈಕೆಗೆಂದೇ ಒಂದು ವಿಮೆ ಇದೆ. ಮನೆಯವರೇ ನೋಡಿಕೊಂಡರೆ ಅದಕ್ಕೂ ಹಣ ಬರುತ್ತದೆ, ನೋಡಿಕೊಳ್ಳುವವರ ಪಿಂಚಣಿ ಖಾತೆಗೂ ಒಂದಿಷ್ಟು ಜಮಾ ಆಗುತ್ತದೆ. ಇಲ್ಲಿ ಅವಳ ಕೈಗೆ ಬರುವುದು ಗೃಹಲಕ್ಷ್ಮಿಯ ಎರಡು ಸಾವಿರ, ಅದೂ ರೇಷನ್ ಕಾರ್ಡಿನಲ್ಲಿ ಅತ್ತೆಯ ಬದಲು ಅವಳ ಹೆಸರು ಮೊದಲಿದ್ದರೆ.