ಔಷಧ ಎಷ್ಟು ಗ್ರಾಂ ಇದೆ? ಶೇಕಡಾ, ಡೈಲ್ಯೂಷನ್, ಅಲಿಗೇಷನ್ ಲೆಕ್ಕಗಳ ಟಿಪ್ಪಣಿ

ಡಿ.ಫಾರ್ಮ್, ಬಿ.ಫಾರ್ಮ್ ಮೊದಲ ವರ್ಷದವರಿಗೆ ಈ ಮೂರು ಬಗೆಯ ಲೆಕ್ಕ ಬೇರೆ ಬೇರೆ ಅನ್ನಿಸುತ್ತವೆ. ಮೂರರಲ್ಲೂ ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ಇದರಲ್ಲಿ ಔಷಧ ಎಷ್ಟು ಗ್ರಾಂ ಇದೆ? ನೀರು ಸೇರಿಸಿದರೆ ದ್ರಾವಣ ಜಾಸ್ತಿಯಾಗುತ್ತದೆ, ಔಷಧ ಅಷ್ಟೇ ಇರುತ್ತದೆ. ಎರಡು ದ್ರಾವಣ ಬೆರೆಸಿದರೆ ಎರಡರ ಔಷಧವೂ ಕೂಡಿಕೊಳ್ಳುತ್ತದೆ. ಇಷ್ಟು ತಲೆಯಲ್ಲಿದ್ದರೆ ಸೂತ್ರ ಮರೆತರೂ ಲೆಕ್ಕ ನಿಲ್ಲುವುದಿಲ್ಲ.

ಶೇಕಡಾ ಎಂದರೆ ಯಾವ ನೂರು?

ಲೇಬಲ್ ಮೇಲೆ ಶೇಕಡಾ ಕಂಡ ತಕ್ಷಣ ಅದರ ಪಕ್ಕದ ಅಕ್ಷರ ನೋಡಿ. ಡಬ್ಲ್ಯೂ ಬೈ ವಿ ಎಂದರೆ 100 ಮಿ.ಲೀ. ದ್ರಾವಣದಲ್ಲಿ ಇಷ್ಟು ಗ್ರಾಂ ಔಷಧ. ಡಬ್ಲ್ಯೂ ಬೈ ಡಬ್ಲ್ಯೂ ಎಂದರೆ 100 ಗ್ರಾಂ ತಯಾರಿಯಲ್ಲಿ ಇಷ್ಟು ಗ್ರಾಂ, ಮುಲಾಮುಗಳು ಹೀಗೆ. ವಿ ಬೈ ವಿ ಎಂದರೆ 100 ಮಿ.ಲೀ.ಯಲ್ಲಿ ಇಷ್ಟು ಮಿ.ಲೀ.; ಆಲ್ಕೋಹಾಲ್ ಹೀಗೆ.

ನಾರ್ಮಲ್ ಸಲೈನ್ 0.9% ಡಬ್ಲ್ಯೂ ಬೈ ವಿ. 500 ಮಿ.ಲೀ. ಬಾಟಲಿಯಲ್ಲಿ ಸೋಡಿಯಂ ಕ್ಲೋರೈಡ್ ಎಷ್ಟು?

0.9 × 500 ÷ 100 = 4.5 ಗ್ರಾಂ

ಡಬ್ಲ್ಯೂ ಬೈ ವಿ ಲೆಕ್ಕದಲ್ಲಿ ಒಂದು ಸುಲಭದ ದಾರಿಯಿದೆ. ಶೇಕಡಾ ಸಂಖ್ಯೆಯನ್ನು 10ರಿಂದ ಗುಣಿಸಿದರೆ ಒಂದು ಮಿ.ಲೀ.ಯಲ್ಲಿ ಎಷ್ಟು ಮಿ.ಗ್ರಾಂ ಇದೆ ಎಂದು ಸಿಗುತ್ತದೆ. 2% ಲಿಗ್ನೋಕೇನ್ ಇಂಜೆಕ್ಷನ್ನಿನ ಒಂದು ಮಿ.ಲೀ.ಯಲ್ಲಿ 20 ಮಿ.ಗ್ರಾಂ. 5 ಮಿ.ಲೀ. ತೆಗೆದರೆ 100 ಮಿ.ಗ್ರಾಂ. ಡೋಸ್ ಲೆಕ್ಕಕ್ಕೆ ಇದು ದಿನಾ ಬೇಕಾಗುತ್ತದೆ, ಬಾಯಲ್ಲೇ ಬರಬೇಕು.

ಮುಲಾಮಿನಲ್ಲಿ ಒಂದು ಕಡೆ ಎಡವುತ್ತಾರೆ. 5% ಮುಲಾಮು 40 ಗ್ರಾಂ ಬೇಕು ಎಂದರೆ ಔಷಧ 2 ಗ್ರಾಂ, ಬೇಸ್ 38 ಗ್ರಾಂ. ಬೇಸನ್ನೇ 40 ಗ್ರಾಂ ತೂಗಿ ಅದಕ್ಕೆ 2 ಗ್ರಾಂ ಔಷಧ ಸೇರಿಸಿದರೆ ಒಟ್ಟು 42 ಗ್ರಾಂ ಆಗಿ, ಸ್ಟ್ರೆಂತ್ 4.76%ಕ್ಕೆ ಇಳಿಯುತ್ತದೆ. ಆ ‘ನೂರು’ ಅನ್ನೋದು ಔಷಧವೂ ಸೇರಿದ ಒಟ್ಟು ತೂಕ.

ಡೈಲ್ಯೂಷನ್

ಗಟ್ಟಿ ದ್ರಾವಣಕ್ಕೆ ನೀರು ಹಾಕಿ ತೆಳು ಮಾಡುವಾಗ ಔಷಧ ಬದಲಾಗುವುದಿಲ್ಲ. ಅದನ್ನೇ ಹೀಗೆ ಬರೆಯುತ್ತಾರೆ:

```
C1 × V1 = C2 × V2
```

C ಎಂದರೆ ಸ್ಟ್ರೆಂತ್, V ಎಂದರೆ ಪ್ರಮಾಣ. ಎರಡನ್ನೂ ಗುಣಿಸಿದರೆ ಸಿಗುವುದು ಔಷಧ. ಎಡಗಡೆಯದು ನೀರು ಹಾಕುವ ಮೊದಲು, ಬಲಗಡೆಯದು ಹಾಕಿದ ಮೇಲೆ.

95% ಆಲ್ಕೋಹಾಲ್‌ನಿಂದ 70%ದ್ದು 500 ಮಿ.ಲೀ. ಮಾಡಬೇಕು. 95%ದ್ದು ಎಷ್ಟು ಬೇಕು?

95 × V1 = 70 × 500
V1 = 35000 ÷ 95 = 368.4 ಮಿ.ಲೀ.

ಕಾಗದದ ಮೇಲೆ ಲೆಕ್ಕ ಇಲ್ಲಿಗೆ ಮುಗಿಯಿತು. ಲ್ಯಾಬಿನಲ್ಲಿ ಮುಗಿಯುವುದಿಲ್ಲ. 500ರಲ್ಲಿ 368.4 ಕಳೆದು, 131.6 ಮಿ.ಲೀ. ನೀರು ಅಳೆದು ಸುರಿದರೆ ಮೆಷರಿಂಗ್ ಸಿಲಿಂಡರ್ 500ರ ಗೆರೆ ಮುಟ್ಟುವುದಿಲ್ಲ. ಆಲ್ಕೋಹಾಲ್ ಮತ್ತು ನೀರು ಬೆರೆತಾಗ ಒಟ್ಟು ಗಾತ್ರ ಸ್ವಲ್ಪ ಕುಗ್ಗುತ್ತದೆ. ಗಾತ್ರ ಕಡಿಮೆ, ಆಲ್ಕೋಹಾಲ್ ಅಷ್ಟೇ, ಹಾಗಾಗಿ ಸ್ಟ್ರೆಂತ್ 70%ಕ್ಕಿಂತ ಜಾಸ್ತಿ ಇರುತ್ತದೆ. ಆದ್ದರಿಂದ ನೀರನ್ನು ಬೇರೆ ಅಳೆಯಬಾರದು. 368.4 ಮಿ.ಲೀ. ಆಲ್ಕೋಹಾಲ್ ತೆಗೆದುಕೊಂಡು, ಸ್ವಲ್ಪ ಸ್ವಲ್ಪ ನೀರು ಹಾಕಿ ಕಲಸಿ. ಪಾತ್ರೆ ಬೆಚ್ಚಗಾಗುತ್ತದೆ, ಗುಳ್ಳೆಗಳೂ ಏಳುತ್ತವೆ. ತಣ್ಣಗಾಗಿ ಗುಳ್ಳೆ ಹೋದ ಮೇಲೆ 500ಕ್ಕೆ ಮೇಕಪ್ ಮಾಡಿ. ಪ್ರಶ್ನೆಯಲ್ಲಿ ‘ನೀರು ಎಷ್ಟು ಹಾಕಬೇಕು’ ಎಂದು ಕೇಳಿದ್ದರೂ, ಆಲ್ಕೋಹಾಲ್ ಆಗಿದ್ದರೆ ‘500 ಮಿ.ಲೀ. ಆಗುವಷ್ಟು’ ಎಂದು ಬರೆಯುವುದೇ ಸರಿ.

ಇದಕ್ಕೆ ಹತ್ತಿರದ ಇನ್ನೊಂದು ಎಡವಟ್ಟು ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಆಗುತ್ತದೆ. 5%ದ್ದನ್ನು 0.5% ಮಾಡಬೇಕು ಎಂದರೆ ಹತ್ತು ಪಟ್ಟು ತೆಳು ಮಾಡಬೇಕು. ಅಂದರೆ 1 ಭಾಗ ದ್ರಾವಣಕ್ಕೆ 9 ಭಾಗ ನೀರು, 10 ಭಾಗ ಅಲ್ಲ.

ಎರಡು ಸ್ಟ್ರೆಂತ್ ಬೆರೆಸುವುದು

ಮಕ್ಕಳ ವಾರ್ಡಿಗೆ 10% ಡೆಕ್ಸ್‌ಟ್ರೋಸ್ 500 ಮಿ.ಲೀ. ಬೇಕು. ಸ್ಟಾಕಿನಲ್ಲಿ ಇರುವುದು 25% ಮತ್ತು 5% ಮಾತ್ರ. ಎಷ್ಟೆಷ್ಟು ಬೆರೆಸಬೇಕು?

ಮೊದಲು ಸೂತ್ರ ಬಿಟ್ಟು ಯೋಚಿಸಿ. 25%ದ್ದರ ಪ್ರತಿ 100 ಮಿ.ಲೀ.ಯಲ್ಲಿ ನಮಗೆ ಬೇಕಾದದ್ದಕ್ಕಿಂತ 15 ಗ್ರಾಂ ಜಾಸ್ತಿ ಇದೆ. 5%ದ್ದರ ಪ್ರತಿ 100 ಮಿ.ಲೀ.ಯಲ್ಲಿ 5 ಗ್ರಾಂ ಕಡಿಮೆ ಇದೆ. ಜಾಸ್ತಿ ಇರುವ 15 ಗ್ರಾಂ ಮೂರು ಕಡೆಯ 5 ಗ್ರಾಂ ಕೊರತೆ ತುಂಬುತ್ತದೆ ಅಲ್ವಾ? ಹಾಗಾದರೆ 25%ದ್ದು 1 ಭಾಗಕ್ಕೆ 5%ದ್ದು 3 ಭಾಗ. ಅಲಿಗೇಷನ್ ಚೌಕ ಹೇಳುವುದೂ ಇದನ್ನೇ:

```
25          5
     10
 5         15
```

ಎಡಗಡೆ ಇರುವ ಎರಡು ಸ್ಟ್ರೆಂತ್, ನಡುವೆ ಬೇಕಾದದ್ದು. ಓರೆಯಾಗಿ ಕಳೆಯಿರಿ, ಚಿಕ್ಕದನ್ನು ದೊಡ್ಡದರಿಂದ. ಸಿಕ್ಕಿದ ಉತ್ತರವನ್ನು ಮಾತ್ರ ಅಡ್ಡಸಾಲಿನಲ್ಲಿ ಓದಬೇಕು: 25%ದ್ದು 5 ಭಾಗ, 5%ದ್ದು 15 ಭಾಗ. ಓರೆಯಾಗಿಯೇ ಓದಿಬಿಟ್ಟರೆ ಅನುಪಾತ ತಿರುಗುಮುರುಗು ಆಗುತ್ತದೆ. 10 ಅನ್ನೋದು 5ಕ್ಕೆ ಹತ್ತಿರ, ಹಾಗಾಗಿ 5%ದ್ದೇ ಜಾಸ್ತಿ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ.

ಒಟ್ಟು 20 ಭಾಗ = 500 ಮಿ.ಲೀ., ಒಂದು ಭಾಗ 25 ಮಿ.ಲೀ.
25% ಡೆಕ್ಸ್‌ಟ್ರೋಸ್: 5 × 25 = 125 ಮಿ.ಲೀ.
5% ಡೆಕ್ಸ್‌ಟ್ರೋಸ್: 15 × 25 = 375 ಮಿ.ಲೀ.

ಇನ್ನು ತಾಳೆ. 125 ಮಿ.ಲೀ.ಯಲ್ಲಿ 31.25 ಗ್ರಾಂ, 375 ಮಿ.ಲೀ.ಯಲ್ಲಿ 18.75 ಗ್ರಾಂ, ಒಟ್ಟು 50 ಗ್ರಾಂ. 500 ಮಿ.ಲೀ.ಗೆ 50 ಗ್ರಾಂ ಎಂದರೆ 10%. ಸರಿಯಾಯಿತು.

ಈಗ ಕೈಯಲ್ಲಿ 5%ದ ತುಂಬಿದ 500 ಮಿ.ಲೀ. ಬಾಟಲಿ ಇದೆ ಎಂದುಕೊಳ್ಳಿ. ಅದಕ್ಕೆ ಹಾಗೇ 125 ಮಿ.ಲೀ. 25% ಸೇರಿಸಿದರೆ ಏನಾಗುತ್ತದೆ? ಬಾಟಲಿಯಲ್ಲಿ ಮೊದಲೇ 25 ಗ್ರಾಂ ಇತ್ತು, 31.25 ಗ್ರಾಂ ಸೇರಿತು, 56.25 ಗ್ರಾಂ ಆಯಿತು. ಗಾತ್ರ 625 ಮಿ.ಲೀ. ಸ್ಟ್ರೆಂತ್ 9% ಮಾತ್ರ. ಮೊದಲು 125 ಮಿ.ಲೀ. ಹೊರಗೆ ತೆಗೆದು, ಆಮೇಲೆ 125 ಮಿ.ಲೀ. ಸೇರಿಸಬೇಕು. ಇದು ರಕ್ತನಾಳಕ್ಕೆ ಹೋಗುವ ದ್ರಾವಣ, ಆದ್ದರಿಂದ ಇದಿಷ್ಟೂ ಸ್ಟೆರೈಲ್ ಆಗಿಯೇ ನಡೆಯಬೇಕು, ಹೊಸ ಸ್ಟ್ರೆಂತ್ ಬರೆದ ಲೇಬಲ್ಲೂ ಅಂಟಿಸಬೇಕು.

ಚೌಕಕ್ಕೆ ಎರಡು ಮಿತಿಗಳಿವೆ. ಬೇಕಾದ ಸ್ಟ್ರೆಂತ್ ಇರುವ ಎರಡರ ನಡುವೆ ಬರಬೇಕು. 25% ಮತ್ತು 5% ಬೆರೆಸಿ 30% ಮಾಡಲಾಗುವುದಿಲ್ಲ. ಎರಡೂ ಒಂದೇ ಬಗೆಯ ಶೇಕಡಾ ಆಗಿರಬೇಕು. ಒಂದು ಡಬ್ಲ್ಯೂ ಬೈ ಡಬ್ಲ್ಯೂ, ಇನ್ನೊಂದು ಡಬ್ಲ್ಯೂ ಬೈ ವಿ ಆದರೆ ಸುಮ್ನೆ ಚೌಕಕ್ಕೆ ಹಾಕಬೇಡಿ.

ಔಷಧವಿಲ್ಲದ ಬೇಸ್ ಅಥವಾ ನೀರನ್ನು 0% ಎಂದು ಬರೆದರೆ ಡೈಲ್ಯೂಷನ್ನನ್ನೂ ಇದೇ ಚೌಕದಲ್ಲಿ ಮಾಡಬಹುದು. 10% ಮುಲಾಮನ್ನು ಬೇಸ್ ಸೇರಿಸಿ 4% ಮಾಡಬೇಕಾದರೆ ಮುಲಾಮು 4 ಭಾಗ, ಬೇಸ್ 6 ಭಾಗ.

ನೀವೇ ಒಂದು ಮಾಡಿ ನೋಡಿ. ಸ್ಯಾಲಿಸಿಲಿಕ್ ಆಸಿಡ್ ಮುಲಾಮು 12% ಮತ್ತು 3% ಇವೆ, 6%ದ್ದು 45 ಗ್ರಾಂ ಬೇಕು. ಉತ್ತರ: 12%ದ್ದು 15 ಗ್ರಾಂ, 3%ದ್ದು 30 ಗ್ರಾಂ. ತಾಳೆಗೆ 2.7 ಗ್ರಾಂ ಸ್ಯಾಲಿಸಿಲಿಕ್ ಆಸಿಡ್ ಬರಬೇಕು.