ಹೊಸ ಅಕ್ಕಿಯ ಅನ್ನ ಮುದ್ದೆಯಾಗುವುದೇಕೆ?

ಸಂಕ್ರಾಂತಿ ಕಳೆಯುತ್ತಿದ್ದಂತೆ ನನ್ನ ಅಡುಗೆ ತರಗತಿಗೆ ಬರುವವರಲ್ಲಿ ಒಂದು ದೂರು ಜಾಸ್ತಿಯಾಗುತ್ತದೆ. ಅದೇ ಸೋನಾ ಮಸೂರಿ, ಅದೇ ಕುಕ್ಕರ್, ಅದೇ ಲೋಟ, ಆದರೂ ಅನ್ನ ಅಂಟಂಟಾಗಿ ಮುದ್ದೆಯಾಗುತ್ತಿದೆ ಎನ್ನುತ್ತಾರೆ. ಮುಂಗಾರಿನ ಭತ್ತ ನವೆಂಬರ್, ಡಿಸೆಂಬರ್‌ನಲ್ಲಿ ಕಟಾವಾಗಿ, ಅದರ ಅಕ್ಕಿ ಅಂಗಡಿಗೆ ಬರುವ ಕಾಲ ಇದು. ಚೀಲದ ಮೇಲಿನ ಹೆಸರು ಬದಲಾಗಿರುವುದಿಲ್ಲ, ಒಳಗಿನ ಅಕ್ಕಿಯ ವಯಸ್ಸು ಬದಲಾಗಿರುತ್ತದೆ.

ಅಕ್ಕಿಕಾಳಿನಲ್ಲಿ ಹೆಚ್ಚಿನ ಪಾಲು ಪಿಷ್ಟ. ನೀರು ಸೇರಿ ಸುಮಾರು 70 ಡಿಗ್ರಿ ಬಿಸಿ ತಲುಪಿದಾಗ ಪಿಷ್ಟದ ಕಣಗಳು ಉಬ್ಬಿ ಮೆತ್ತಗಾಗುತ್ತವೆ. ನಾವು ಅನ್ನ ಬೆಂದಿತು ಎನ್ನುವುದು ಇದಕ್ಕೇ. ಉಬ್ಬುವುದು ಮಿತಿ ಮೀರಿದರೆ ಕಣಗಳು ಒಡೆದು ಪಿಷ್ಟ ಹೊರಗೆ ಸೋರುತ್ತದೆ. ಸೋರಿದ ಗಂಜಿ ಅಗುಳಿನಿಂದ ಅಗುಳಿಗೆ ಅಂಟಿಕೊಂಡು ಅನ್ನವನ್ನು ಮುದ್ದೆ ಮಾಡುತ್ತದೆ. ಹಳೆ ಅಕ್ಕಿಯಲ್ಲಿ ಈ ಸೋರಿಕೆ ಕಡಿಮೆ. ತಿಂಗಳುಗಟ್ಟಲೆ ಇಟ್ಟ ಅಕ್ಕಿಯಲ್ಲಿ ಪಿಷ್ಟದ ಸುತ್ತ ಇರುವ ಪ್ರೋಟೀನು ಬಿಗಿಯಾಗಿ ಹೆಣೆದುಕೊಳ್ಳುತ್ತದೆ. ಅಂಥ ಕಾಳು ಹೆಚ್ಚು ನೀರು ಕುಡಿದರೂ ಒಡೆಯದೆ ಉದ್ದಕ್ಕೆ ಅರಳುತ್ತದೆ. ಹೊಸ ಅಕ್ಕಿಗೆ ಆ ಬಿಗಿ ಇನ್ನೂ ಬಂದಿರುವುದಿಲ್ಲ. ಹಳೆ ಅಕ್ಕಿಯ ಅಳತೆಯಲ್ಲಿ ನೀರು ಹಾಕಿದರೆ ಅದು ಬೇಗ ಉಬ್ಬಿ ಬೇಗ ಒಡೆಯುತ್ತದೆ.

ಒಂದಕ್ಕೆ ಎರಡು, ಒಂದಕ್ಕೆ ಎರಡೂವರೆ ಎಂದು ನೀರಿನ ಅಳತೆಯನ್ನು ಬಾಯಿಪಾಠ ಮಾಡಿಕೊಂಡವರೇ ಹೆಚ್ಚು. ನನ್ನ ಪ್ರಕಾರ ಕೆಡುವುದು ಅಲ್ಲೇ. ಕುಕ್ಕರಿಗೆ ಸುರಿದ ನೀರು ಎರಡು ಕಡೆಗೆ ಹೋಗುತ್ತದೆ. ಒಂದಷ್ಟನ್ನು ಅಕ್ಕಿ ಕುಡಿಯುತ್ತದೆ, ಉಳಿದದ್ದು ಹಬೆಯಾಗಿ ಹೋಗುತ್ತದೆ. ಅಕ್ಕಿ ಎರಡರಷ್ಟಾದರೆ ಕುಡಿಯುವ ನೀರೂ ಎರಡರಷ್ಟಾಗುತ್ತದೆ. ಆದರೆ ಹಬೆಯಾಗಿ ಹೋಗುವ ನೀರು ಕುಕ್ಕರು, ಉರಿ ಮತ್ತು ಸೀಟಿಗಳ ಮೇಲೆ ನಿಂತಿದೆ, ಅಕ್ಕಿ ಎಷ್ಟಿದೆ ಎಂಬುದರಿಂದ ಅಷ್ಟಾಗಿ ಬದಲಾಗುವುದಿಲ್ಲ. ನಾಲ್ಕು ಜನರಿಗೆ ಚೆನ್ನಾಗಿ ಬಂದ ಅಳತೆಯನ್ನೇ ನೆಂಟರು ಬಂದ ದಿನ ದುಪ್ಪಟ್ಟು ಮಾಡಿದಾಗ ಅನ್ನ ಮೆತ್ತಗಾಗುವುದು ಇದಕ್ಕೇ.

ನಿಮ್ಮ ಕುಕ್ಕರಿನಲ್ಲಿ ಎಷ್ಟು ನೀರು ಹಬೆಯಾಗಿ ಹೋಗುತ್ತದೆ ಎಂದು ತಿಳಿಯುವುದು ಸುಲಭ. ಅಕ್ಕಿ ಹಾಕದೆ ಬರೀ ಮೂರು ಲೋಟ ನೀರು ಹಾಕಿ, ದಿನವೂ ಇಡುವ ಉರಿಯಲ್ಲಿ ಅಷ್ಟೇ ಸೀಟಿ ಹಾಕಿಸಿ. ಪೂರ್ತಿ ಆರಿದ ಮೇಲೆ ಮುಚ್ಚಳ ತೆಗೆದು ಉಳಿದ ನೀರನ್ನು ಅದೇ ಲೋಟದಲ್ಲಿ ಅಳೆಯಿರಿ. ಕಡಿಮೆಯಾದಷ್ಟೇ ನಿಮ್ಮ ಹಬೆಯ ಲೆಕ್ಕ. ಅಕ್ಕಿಯನ್ನು ಒಳಪಾತ್ರೆಯಲ್ಲಿಟ್ಟು ಬೇಯಿಸುವವರಿಗೆ ಈ ಲೆಕ್ಕ ಬಹುಪಾಲು ಇಲ್ಲ. ಅಲ್ಲಿ ಹಬೆಯಾಗುವುದು ಪಾತ್ರೆಯ ಕೆಳಗಿನ ನೀರು, ಅಕ್ಕಿಯ ಜೊತೆ ಇಟ್ಟ ನೀರೆಲ್ಲ ಹೆಚ್ಚುಕಡಿಮೆ ಅಕ್ಕಿಗೇ ಸೇರುತ್ತದೆ. ಕುಕ್ಕರಿಗೆ ನೇರವಾಗಿ ಹಾಕುವವರ ಅಳತೆಯನ್ನು ಒಳಪಾತ್ರೆಗೆ ತಂದರೆ ಮುದ್ದೆ ಖಂಡಿತ.

ಇನ್ನು ನೆನೆಸುವ ವಿಷಯ. ಕಾಳಿನೊಳಕ್ಕೆ ಬಿಸಿ ಬೇಗ ಇಳಿಯುತ್ತದೆ, ನೀರು ನಿಧಾನ. ನೆನೆಸದ ಅಕ್ಕಿಯನ್ನು ಬೇಯಿಸಿದಾಗ ಹೊರಪದರ ಪೂರ್ತಿ ಬೆಂದಿರುತ್ತದೆ, ನಡುವಿಗೆ ನೀರು ತಲುಪಿಯೇ ಇರುವುದಿಲ್ಲ. ನಡುಭಾಗ ಬೇಯಲಿ ಎಂದು ಇನ್ನೊಂದು ಸೀಟಿ ಹಾಕಿಸುತ್ತೇವೆ, ಅಷ್ಟರಲ್ಲಿ ಹೊರಗಿನದು ಕರಗಿ ಗಂಜಿಯಾಗುತ್ತದೆ. ಅನ್ನದಲ್ಲಿ ಮೇಲೆ ಅಂಟು, ಒಳಗೆ ಹದವಿಲ್ಲದ ಗಟ್ಟಿ ಚುಕ್ಕೆ ಎರಡೂ ಒಟ್ಟಿಗೆ ಸಿಕ್ಕರೆ ಕಾರಣ ಇದೇ ಎಂದು ತಿಳಿಯಿರಿ. ಮೊದಲೇ ನೆನೆಸಿದರೆ ನಡುಭಾಗದಲ್ಲೂ ನೀರು ಕಾದಿರುತ್ತದೆ. ಬಿಸಿ ತಾಗಿದೊಡನೆ ಕಾಳು ಒಳಗೂ ಹೊರಗೂ ಸಮನಾಗಿ ಬೇಯುತ್ತದೆ, ಒಂದು ಸೀಟಿ ಉಳಿಯುತ್ತದೆ.

ಇದಕ್ಕೆ ಅರ್ಧ ಗಂಟೆ ಸಾಕು. ಗಾಜಿನಂತೆ ಮಸುಕಾಗಿದ್ದ ಕಾಳು ಹಾಲುಬಿಳಿಯಾಗಿ, ಉಗುರಿನಿಂದ ಒತ್ತಿದರೆ ಮುರಿಯುವಂತಾದರೆ ನೆನೆದಿದೆ ಎಂದರ್ಥ. ಅದಾದ ಮೇಲೆ ಅಕ್ಕಿ ತಣ್ಣೀರಿನಲ್ಲಿ ಹೆಚ್ಚೇನೂ ಕುಡಿಯುವುದಿಲ್ಲ. ಗಂಟೆಗಟ್ಟಲೆ ಬಿಟ್ಟರೆ ಕಾಳು ಬಿರುಕು ಬಿಟ್ಟು, ತೊಳೆಯುವಾಗ ನುಚ್ಚಾಗುತ್ತದೆ. ನುಚ್ಚಾದ ಅಕ್ಕಿಯಿಂದ ಗಂಜಿ ಸೋರುವುದನ್ನು ತಡೆಯಲಾಗದು. ಆದ್ದರಿಂದ ತೊಳೆಯುವ ಕೆಲಸ ನೆನೆಸುವ ಮೊದಲೇ ಮುಗಿಯಲಿ. ಅಕ್ಕಚ್ಚು ತಿಳಿಯಾಗುವವರೆಗೆ ಎರಡು ಮೂರು ಸಲ, ಉಜ್ಜದೆ, ಬೆರಳಾಡಿಸಿ ತೊಳೆದರೆ ಕಾಳಿನ ಮೇಲಿನ ಹಿಟ್ಟು ಹೋಗುತ್ತದೆ.

ನೆನೆಸಿದವರು ಮರೆಯುವ ಸಂಗತಿ ಒಂದಿದೆ. ನೆನೆದ ಅಕ್ಕಿ ಆಗಲೇ ನೀರು ಕುಡಿದಿದೆ. ಬಸಿದ ಮೇಲೂ ಪ್ರತಿ ಲೋಟ ಅಕ್ಕಿಯಲ್ಲಿ ಸುಮಾರು ಕಾಲು ಲೋಟ ನೀರು ಇರುತ್ತದೆ. ಅಷ್ಟನ್ನು ಬೇಯಿಸುವ ನೀರಿನಲ್ಲಿ ಕಳೆಯಲೇಬೇಕು.

ತರಗತಿಗೆ ಬಂದ ಒಬ್ಬರು ಎರಡು ಲೋಟ ಹಳೆ ಸೋನಾ ಮಸೂರಿಯನ್ನು ನೆನೆಸದೆ, ನಾಲ್ಕೂವರೆ ಲೋಟ ನೀರಿನಲ್ಲಿ ನೇರವಾಗಿ ಕುಕ್ಕರಿಗೆ ಹಾಕುತ್ತಿದ್ದರು. ಅವರ ಕುಕ್ಕರಿನಲ್ಲಿ ಅರ್ಧ ಲೋಟ ಹಬೆಯಾಗುತ್ತಿತ್ತು, ನಾಲ್ಕು ಲೋಟ ಅಕ್ಕಿಗೆ ಸೇರುತ್ತಿತ್ತು. ಹಳೆ ಅಕ್ಕಿ ಅದನ್ನು ತಾಳಿಕೊಂಡು, ಮೆತ್ತಗಿದ್ದರೂ ಬಿಡಿಬಿಡಿಯಾಗಿ ಬರುತ್ತಿತ್ತು. ಹೊಸ ಚೀಲ ತಂದ ಮೇಲೆ ಅನ್ನ ಕೆಟ್ಟಿತು. ಯಾರೋ ಹೇಳಿದರೆಂದು ನೆನೆಸಿ, ಬಸಿದು ಬೇಯಿಸಲು ಶುರು ಮಾಡಿದರು, ನೀರು ಮಾತ್ರ ನಾಲ್ಕೂವರೆಯೇ. ಅನ್ನ ಇನ್ನೂ ಹಾಳಾಯಿತು. ಯಾಕೆಂದರೆ ನೆನೆದ ಅಕ್ಕಿಯೊಳಗೆ ಆಗಲೇ ಅರ್ಧ ಲೋಟ ನೀರಿತ್ತು. ಹಬೆಯ ಅರ್ಧ ಕಳೆದರೂ ಅಕ್ಕಿಗೆ ನಾಲ್ಕೂವರೆ ಲೋಟ ಉಳಿಯಿತು. ಹೊಸ ಸೋನಾ ಮಸೂರಿಗೆ ಊಟದ ಅನ್ನಕ್ಕೆ ಲೋಟಕ್ಕೆ ಒಂದೂವರೆಯಂತೆ ಮೂರು ಲೋಟ ಸಾಕು.

ಲೆಕ್ಕ ಹೀಗೆ ಸರಿಪಡಿಸಿದೆವು. ಅಕ್ಕಿ ಕುಡಿಯುವುದು ಮೂರು ಲೋಟ, ಹಬೆಗೆ ಅರ್ಧ ಸೇರಿಸಿ, ನೆನೆಯುವಾಗ ಕುಡಿದ ಅರ್ಧ ಕಳೆದರೆ, ಸುರಿಯಬೇಕಾದದ್ದು ಮೂರೇ ಲೋಟ. ಚಿತ್ರಾನ್ನಕ್ಕೋ ಪುಳಿಯೋಗರೆಗೋ ಆದರೆ ಇನ್ನರ್ಧ ಕಡಿಮೆ, ಎರಡೂವರೆ. ನಾಲ್ಕು ಲೋಟ ಅಕ್ಕಿಗೆ ಕುಡಿಯಲು ಆರು, ಹಬೆಗೆ ಅದೇ ಅರ್ಧ, ನೆನೆದದ್ದು ಒಂದು ಕಳೆದು ಐದೂವರೆ. ನಿಮ್ಮ ಅಕ್ಕಿಗೆ ಈ ಅಂಕಿಗಳಲ್ಲಿ ತುಸು ಏರುಪೇರು ಇದ್ದೇ ಇರುತ್ತದೆ. ಹೊಸ ಚೀಲ ಬಿಚ್ಚಿದ ದಿನ ಒಂದೇ ಲೋಟ ಮಾಡಿ ನೋಡಿ, ಆಮೇಲೆ ಕಾಲು ಲೋಟದಷ್ಟು ಹೆಚ್ಚು ಕಡಿಮೆ ಮಾಡಿಕೊಳ್ಳಿ. ಕುಚ್ಚಲಕ್ಕಿಗೆ ಈ ಲೆಕ್ಕ ಹೊಂದದು. ಭತ್ತದಲ್ಲೇ ಒಮ್ಮೆ ಬೆಂದ ಅದರ ಪಿಷ್ಟಕ್ಕೆ ನೀರೂ ಸಮಯವೂ ಹೆಚ್ಚು ಬೇಕು, ಅದನ್ನು ಬಸಿಯುವುದೇ ಸರಿ.

ಒಲೆ ಆರಿಸಿದ ಮೇಲೂ ಅನ್ನ ಕೆಡಬಹುದು. ಕುಕ್ಕರಿನ ಒತ್ತಡ ತಾನಾಗಿ ಇಳಿಯಲಿ, ಮತ್ತೆ ಹತ್ತು ನಿಮಿಷ ಹಾಗೇ ಬಿಡಿ. ಮೇಲಿನ ತೇವ ಒಳಗೆ ಹಂಚಿಹೋಗಿ ಅಗುಳು ಗಟ್ಟಿಯಾಗುತ್ತದೆ. ಬಿಸಿಯಲ್ಲೇ ಸೌಟು ಹಾಕಿ ಕಲಸಿದರೆ ಮೆತ್ತಗಿನ ಅಗುಳುಗಳು ಮುರಿದು, ಸರಿಯಾಗಿ ಬೆಂದ ಅನ್ನವೂ ಅಂಟಾಗುತ್ತದೆ. ಚಮಚ ಎಣ್ಣೆ ಹಾಕುವುದರಿಂದ ನೊರೆ ಉಕ್ಕುವುದು ತಗ್ಗುತ್ತದೆ, ಹೆಚ್ಚಾದ ನೀರಿಗೆ ಅದು ಪರಿಹಾರವಲ್ಲ.

ಈಗಾಗಲೇ ಮುದ್ದೆಯಾದ ಅನ್ನವನ್ನು ಹಿಂದಕ್ಕೆ ತರಲಾಗದು. ಅಗಲ ತಟ್ಟೆಯಲ್ಲಿ ಹರಡಿ, ಹಬೆ ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೆ ಪಿಷ್ಟ ಮತ್ತೆ ಬಿಗಿದು ಒಗ್ಗರಣೆಗೆ ತಕ್ಕಮಟ್ಟಿಗೆ ಬಿಡಿಯಾಗುತ್ತದೆ. ರಾತ್ರಿಯೆಲ್ಲ ಹೊರಗೆ ಬಿಡಬೇಡಿ, ಅನ್ನದಲ್ಲಿ ಬೇಯಿಸಿದರೂ ಸಾಯದ ಸೂಕ್ಷ್ಮಜೀವಿಗಳಿರಬಹುದು. ಅದೇ ದಿನ ಬಳಸಬೇಕೆಂದರೆ ಮೊಸರನ್ನ ಮಾಡಿ, ಅದಕ್ಕೆ ಮೆತ್ತಗಿನ ಅನ್ನವೇ ಬೇಕು.